ಲಾಟರಿ ನಂಬಿ ಸಾಲ ಮಾಡೋ ಮುಂಚೆ

ಹಾಸ್ಟೆಲ್‌ನಲ್ಲಿ ಎಂಎಸ್ ಮಾತು ಬಂದರೆ ನಮ್ಮೆಲ್ಲರ ಲೆಕ್ಕ ಒಂದೇ: "ಎರಡು ವರ್ಷ ಓದು, ಮೂರು ವರ್ಷ ಒಪಿಟಿ. ಅಷ್ಟರಲ್ಲಿ ಎಚ್-1ಬಿ ಬರಲ್ವಾ ಮಗಾ?" ಬರದೇನೂ ಇರಬಹುದು. ಬಂದೇ ಬರುತ್ತೆ ಅಂತ ಅಪ್ಪನ ಮನೆ ಅಡ ಇಟ್ಟು ಸಾಲ ತೆಗೆಯೋದು ತಪ್ಪು ಅಂತಲೇ ನಾವು ಹೇಳ್ತೀವಿ.

ಅಮೆರಿಕ ವರ್ಷಕ್ಕೆ ಕೊಡುವುದು 65,000 ಎಚ್-1ಬಿ. ಅಲ್ಲೇ ಮಾಸ್ಟರ್ಸ್ ಮುಗಿಸಿದವರಿಗೆ ಇನ್ನೊಂದು 20,000. ಹೆಸರು ನೋಂದಾಯಿಸುವುದು ನಾವಲ್ಲ, ಕೆಲಸ ಕೊಡುವ ಕಂಪನಿ. ಮಾರ್ಚ್‌ನಲ್ಲಿ ಕೆಲವೇ ದಿನ ನೋಂದಣಿ ಇರುತ್ತೆ. ಕಂಪನಿ ತಲೆಗೆ 215 ಡಾಲರ್ ಕಟ್ಟಿ ಪಾಸ್‌ಪೋರ್ಟ್ ವಿವರ ತುಂಬುತ್ತೆ. ಆಯ್ಕೆಯಾದರೆ ಮಾತ್ರ ಪೂರ್ತಿ ಅರ್ಜಿ.

"ಎರಡ್ಮೂರು ಕನ್ಸಲ್ಟೆನ್ಸಿಯಿಂದ ಹೆಸರು ಹಾಕಿಸು" ಅನ್ನೋ ಹಳೇ ಸಲಹೆ ಈಗಲೂ ಓಡಾಡ್ತಿದೆ. 2024ರಿಂದ ಎಷ್ಟು ಕಂಪನಿ ಹಾಕಿದರೂ ಒಬ್ಬ ವ್ಯಕ್ತಿ ಒಬ್ಬನೇ. 2026ರ ನಿಯಮದಲ್ಲಿ ಸಂಬಳವೂ ಸೇರಿಕೊಂಡಿದೆ: ಆ ಊರಲ್ಲಿ ಆ ಕೆಲಸಕ್ಕೆ ಗೊತ್ತುಮಾಡಿದ ನಾಲ್ಕು ಸಂಬಳದ ಹಂತಗಳಲ್ಲಿ ಮೇಲಿನದಕ್ಕೆ ನಾಲ್ಕು ಚೀಟಿ, ಕೆಳಗಿನದಕ್ಕೆ ಒಂದೇ. ಫ್ರೆಶರ್‌ಗಳು ಸಾಮಾನ್ಯವಾಗಿ ನಿಲ್ಲೋದು ಕೆಳಗೇ. ಎರಡು ಕಂಪನಿ ಬೇರೆ ಬೇರೆ ಹಂತ ತೋರಿಸಿದರೆ ಕಡಿಮೆ ಹಂತವೇ ಲೆಕ್ಕಕ್ಕೆ. ಅಂದ್ರೆ ಇನ್ನೊಂದು ಆಫರ್ ನಮಗೇ ಮುಳುವಾಗಬಹುದು!

ನಮ್ಮ ಸೀನಿಯರ್ ಒಬ್ಬರು 2024ರ ಮೇನಲ್ಲಿ ಎಂಎಸ್ ಮುಗಿಸಿದರು. ಒಂದು ವರ್ಷ ಒಪಿಟಿ, ಸ್ಟೆಮ್ ಅಂತ ಇನ್ನೆರಡು ವರ್ಷ. 2025ರ ಮಾರ್ಚ್‌ನಲ್ಲಿ ಸಿಗಲಿಲ್ಲ, 2026ರಲ್ಲೂ ಇಲ್ಲ. ಇನ್ನು ಉಳಿದಿರೋದು 2027 ಒಂದೇ.

ಮೊದಲ ಸಲ ಅವರ ಸ್ಟೇಟಸ್ Submitted ಅಂತಲೇ ನಿಂತಿತ್ತು. ಅದು ತಿರಸ್ಕಾರ ಅಲ್ಲ. ಆಯ್ಕೆಯಾದವರೆಲ್ಲ ಅರ್ಜಿ ಹಾಕಲ್ಲ, ಜಾಗ ಉಳಿದರೆ ಮತ್ತೆ ಆರಿಸ್ತಾರೆ. 2023 ಮತ್ತು 2024ರಲ್ಲಿ ಹಾಗೇ ಆಗಿತ್ತು. ಆ ವರ್ಷದ ಕತೆ ಪೂರ್ತಿ ಮುಗಿದ ಮೇಲೆಯೇ Not Selected ಬರೋದು. ಆ ಖಾತೆ ಕಂಪನಿ ಮತ್ತು ವಕೀಲರ ಕೈಲಿರುತ್ತೆ, ಆದ್ದರಿಂದ ಎಚ್‌ಆರ್‌ನ ಕೇಳ್ತಾನೇ ಇರಬೇಕು.

ಎರಡನೇ ಸಲ ತಪ್ಪಿದಾಗ ಅವರು ಕಾಯುತ್ತಾ ಕೂರಲಿಲ್ಲ. ವಿಶ್ವವಿದ್ಯಾಲಯದ ಲ್ಯಾಬ್‌ಗಳಿಗೆ ಅರ್ಜಿ ಹಾಕಿದರು. ವಿಶ್ವವಿದ್ಯಾಲಯಗಳಿಗೆ ಕೋಟಾನೂ ಇಲ್ಲ, ಲಾಟರಿನೂ ಇಲ್ಲ, ವರ್ಷದಲ್ಲಿ ಯಾವಾಗ ಬೇಕಾದರೂ ಎಚ್-1ಬಿ ಹಾಕಬಹುದು. ಸಂಬಳ ಕಮ್ಮಿ. ಮುಂದೆ ಕಂಪನಿಗೆ ಹಾರಬೇಕಂದ್ರೆ ಮತ್ತೆ ಅದೇ ಲಾಟರಿ. ಜೊತೆಗೇ ಮ್ಯಾನೇಜರ್ ಹತ್ರ ಬೆಂಗಳೂರು ಆಫೀಸಿಗೆ ವರ್ಗಾವಣೆ ಕೇಳಿದ್ದಾರೆ. ಇಲ್ಲಿ ಒಂದು ವರ್ಷ ಕೆಲಸ ಮಾಡಿದರೆ ಅದೇ ಕಂಪನಿ ಎಲ್-1ರಲ್ಲಿ ವಾಪಸ್ ಕರೆಸಿಕೊಳ್ಳಬಹುದು, ಅದಕ್ಕೂ ಲಾಟರಿ ಇಲ್ಲ. ಆದರೆ ಎಲ್-1ರಲ್ಲಿ ಬೇರೆ ಕಂಪನಿಗೆ ಹೋಗೋ ಹಾಗಿಲ್ಲ.

ಒಪಿಟಿ ಮುಗಿದ ಮೇಲೆ ಸಿಗೋದು 60 ದಿನ, ಅದರಲ್ಲಿ ಕೆಲಸ ಮಾಡೋ ಹಾಗಿಲ್ಲ. ಇದನ್ನೆಲ್ಲ ಆಗ ಶುರು ಮಾಡಿದ್ರೆ ಆಗಲ್ಲ. ಇನ್ನು ಬ್ಯಾಂಕಿಗೆ ಹೋಗೋ ನಾವು: ಇಎಂಐನ ಡಾಲರ್ ಸಂಬಳದಲ್ಲಲ್ಲ, ಬೆಂಗಳೂರಿನ ಸಂಬಳದಲ್ಲಿ ಒಮ್ಮೆ ಹಾಕಿ ನೋಡೋಣ. ಅದರಲ್ಲಿ ತೀರಿಸೋಕೆ ಆಗದಷ್ಟು ಸಾಲವಾದರೆ ಇನ್ನೂ ಅಗ್ಗದ ಕಾಲೇಜು ಹುಡುಕೋಣ.