ಅಜ್ಜ ಹೇಳದ್ದನ್ನು ಬರೆಯಬೇಡಿ

ಪುಣೆಯ ಕಸಬಾ ಪೇಠೆಯ ತಾಂಬಟ್ ಆಳಿಯಲ್ಲಿ ತಾಮ್ರ ಬಡಿಯುವ ಹಿರಿಯರೊಬ್ಬರು ಆನ್‌ಲೈನ್ ಅಂಗಡಿಗೆ ಏಳು ನಿಮಿಷದ ಧ್ವನಿ ಸಂದೇಶ ಕಳಿಸಿದರು ಎಂದುಕೊಳ್ಳಿ. ಮೊಮ್ಮಗಳ ಮದುವೆ, ತಗಡಿನ ಬೆಲೆ, ಅಪ್ಪನ ಸುತ್ತಿಗೆ ಎಲ್ಲ ಬಂದುಹೋಗುತ್ತವೆ. ನಡುವೆ ಮೂರೇ ಮಾತು: ಪಾತ್ರೆಯ ಆಕಾರ ಯಂತ್ರದ್ದು, ಮೇಲಿನ ಮಠಾರಕಾಮ ತನ್ನ ಕೈಯದು, ಒಳಗೆ ಕಲಾಯಿ ಹಾಕಿಲ್ಲ.

ಅಂಗಡಿಯವರು ಬರೆಯುವುದೇನು? ‘ಸಂಪೂರ್ಣ ಕೈಯಿಂದಲೇ ತಯಾರಾದ ಪುರಾತನ ಪಾತ್ರೆ, ಅಡುಗೆಗೂ ಆರೋಗ್ಯಕ್ಕೂ ಉತ್ತಮ.’ ಇದನ್ನು ಅಲಂಕಾರ ಎಂದು ಕ್ಷಮಿಸಲಾಗದು. ಕಲಾಯಿಯಿಲ್ಲದ ತಾಮ್ರದಲ್ಲಿ ಹುಣಸೆ ಹುಳಿಯ ಸಾರು ಕುದಿಸಿದರೆ ತಾಮ್ರ ಸಾರಿಗಿಳಿಯುತ್ತದೆ, ಉಂಡವರಿಗೆ ವಾಂತಿಯಾಗಬಹುದು. ಆಗ ಬೈಗುಳ ಬೀಳುವುದು ಎಚ್ಚರಿಸಿದ್ದ ಅಜ್ಜನಿಗೇ.

ಸಂದೇಶ ಉದ್ದವಾಯಿತೆಂಬ ನೆಪ ಸಲ್ಲದು. ಒಮ್ಮೆ ಸುಮ್ಮನೆ ಕೇಳಬೇಕು. ಎರಡನೆಯ ಸಲ ಲೋಹ, ಆಕಾರ, ಬೆಸುಗೆ, ಕಲಾಯಿ ಕುರಿತ ಮಾತುಗಳನ್ನಷ್ಟೇ ಅವರದೇ ಪದಗಳಲ್ಲಿ ಬರೆದುಕೊಳ್ಳಬೇಕು. ಬೆಸುಗೆಯ ಮಾತೇ ಬರಲಿಲ್ಲವಾದರೆ ಫೋನ್ ಮಾಡಿ ಕೇಳಬೇಕು, ಊಹಿಸಬಾರದು. ತೂಕ, ಅಳತೆಗಳನ್ನು ತಕ್ಕಡಿ, ಟೇಪು ಹೇಳಲಿ. ಕೊನೆಗೆ ಬರೆದದ್ದನ್ನು ಮರಾಠಿಯಲ್ಲಿ ಅವರಿಗೇ ಓದಿ ಹೇಳಬೇಕು. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಆಗ ಉಳಿಯುವುದಿಷ್ಟು: ‘ತಾಮ್ರದ ಪಾತ್ರೆ. ಆಕಾರ ಯಂತ್ರದಲ್ಲಿ, ಸುತ್ತಿಗೆಯ ಗುರುತುಗಳು ಕೈಯಲ್ಲಿ. ಬಡಿತದಿಂದ ತಗಡು ಗಟ್ಟಿಯಾಗಿದೆ. ಗುರುತುಗಳು ಒಂದೇ ಸಮ ಇರುವುದಿಲ್ಲ. ಒಳಗೆ ಕಲಾಯಿ ಇಲ್ಲ, ಹುಳಿ ಪದಾರ್ಥ ಬೇಯಿಸಬೇಡಿ, ಇಡಬೇಡಿ.’

ಇದು ಸಪ್ಪೆ ಎನ್ನುವವರು ಒಂದು ಲೆಕ್ಕ ಮಾಡಲಿ: ಗುರುತು ಏರುಪೇರಾಗಿದೆಯೆಂದು ಗ್ರಾಹಕ ಹಿಂದಿರುಗಿಸುವ ಪಾತ್ರೆಯ ನಷ್ಟ ಹೊರುವವರು ಯಾರು, ಬರೆದವರೋ, ಬಡಿದವರೋ?