ಹೊಣೆಗಳು ಬದಲಾಗುವಾಗ ಹೇಳಬೇಕಾದ ಮಾತು

ಜೂನ್ ತಿಂಗಳಲ್ಲಿ ಶಾಲೆ ತೆರೆದು ಆರನೆಯ ಕೆಲಸದ ದಿನ ಬಂತೆಂದರೆ ಕೇರಳದ ಶಾಲಾ ಅಧ್ಯಾಪಕರ ಮನೆಗಳಲ್ಲಿ ಒಂದು ಬಗೆಯ ಕಾತರ ಕವಿಯುತ್ತದೆ. ಅಂದು ಹಾಜರಿ ಪುಸ್ತಕದಲ್ಲಿ ಕಾಣುವ ಮಕ್ಕಳ ಸಂಖ್ಯೆಯ ಮೇಲೆ ಆ ವರ್ಷದ ಡಿವಿಜನ್‌ಗಳೂ ಅಧ್ಯಾಪಕರ ಹುದ್ದೆಗಳೂ ನಿರ್ಣಯವಾಗುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಗಳಿಗೆ ಈ ದಿನ ಇನ್ನಷ್ಟು ಭಾರವಾದುದು. ನಾಲ್ಕೈದು ಮಕ್ಕಳು ಕಡಿಮೆಯಾದರೆ ಒಂದು ಡಿವಿಜನ್ ಹೋಗುತ್ತದೆ. ಅದರೊಡನೆ ಒಂದು ಹುದ್ದೆಯೂ ಅಲುಗಾಡುತ್ತದೆ. ಆಗ ಉಳಿದವರ ಕೆಲಸವನ್ನೂ ಹೊಸದಾಗಿ ಹಂಚಬೇಕಾಗುತ್ತದೆ. ಆ ಹಂಚಿಕೆಯನ್ನು ಸಹೋದ್ಯೋಗಿಗಳಿಗೆ ಹೇಗೆ ತಿಳಿಸಬೇಕೆಂಬುದೇ ಈ ತಿಂಗಳ ನಮ್ಮ ವಿಷಯ. ವಾಚಕರಲ್ಲಿ ಅನೇಕರು ಅಧ್ಯಾಪಕರು. ಉಳಿದವರಲ್ಲಿಯೂ ಸಹಕಾರಿ ಸಂಘ, ಬ್ಯಾಂಕು, ಕಚೇರಿಗಳಲ್ಲಿ ನಾಲ್ಕು ಜನರ ಮೇಲ್ವಿಚಾರಣೆ ನೋಡುವವರು ಇದ್ದೇ ಇದ್ದಾರೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ವ್ಯವಸ್ಥೆ ಬದಲಾಗುವುದೆಂದು ಕೇಳಿದ ಕೂಡಲೇ ನೌಕರನು ಹೊಸ ವ್ಯವಸ್ಥೆ ಒಳ್ಳೆಯದೋ ಕೆಟ್ಟದೋ ಎಂದು ಯೋಚಿಸುವುದಿಲ್ಲ. ಅವನ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಮೂರೇ: ನನ್ನ ಸ್ಥಾನ ಉಳಿಯುವುದೇ? ನಾಳೆಯಿಂದ ನನ್ನ ಕೆಲಸವೇನು? ನಾನು ಯಾರಿಗೆ ಉತ್ತರ ಹೇಳಬೇಕು? ಈ ಮೂರಕ್ಕೆ ಉತ್ತರ ಸಿಗುವವರೆಗೆ ನಾವು ಆಡುವ ಬೇರೆ ಯಾವ ಮಾತೂ ಅವನ ಕಿವಿಯನ್ನು ಹೊಗಲಾರದು.

2019ರಲ್ಲಿ ಕೇರಳದಲ್ಲಿ ಸಾರ್ವಜನಿಕ ಶಿಕ್ಷಣ, ಹೈಯರ್ ಸೆಕೆಂಡರಿ, ವೊಕೇಶನಲ್ ಹೈಯರ್ ಸೆಕೆಂಡರಿ ಎಂಬ ಮೂರು ನಿರ್ದೇಶನಾಲಯಗಳನ್ನು ಒಂದುಗೂಡಿಸುವ ಆದೇಶವಾಯಿತು. ಹೈಯರ್ ಸೆಕೆಂಡರಿ ವಿಭಾಗವಿರುವ ಶಾಲೆಗಳಲ್ಲಿ ಪ್ರಾಂಶುಪಾಲರು ಸಂಸ್ಥೆಯ ಮುಖ್ಯಸ್ಥರು, ಹೈಸ್ಕೂಲಿನ ಮುಖ್ಯೋಪಾಧ್ಯಾಯರು ಉಪಪ್ರಾಂಶುಪಾಲರು ಎಂದು ಗೊತ್ತುಪಡಿಸಲಾಯಿತು. ಕಾಗದದ ಮೇಲೆ ಅದು ಒಂದೆರಡು ಸಾಲು. ಆದರೆ ಎಂಟನೆಯ ತರಗತಿಗೆ ಪಾಠ ಹೇಳುವ ಅಧ್ಯಾಪಕನಿಗೆ ಆ ಸಾಲಿನ ಅರ್ಥ ಬೇರೆ: ತನ್ನ ರಜೆಯ ಅರ್ಜಿಯನ್ನು ಇನ್ನು ಯಾವ ಮೇಜಿನ ಮೇಲೆ ಇಡಬೇಕು? ದೊಡ್ಡ ಆದೇಶವನ್ನು ಈ ಸಣ್ಣ ಪ್ರಶ್ನೆಯವರೆಗೆ ಇಳಿಸಿ ಹೇಳುವುದೇ ಶಾಲೆಯ ಮುಖ್ಯಸ್ಥನ ಕೆಲಸ.

ನಮ್ಮ ಶಾಲೆಯ ಉದಾಹರಣೆಯನ್ನೇ ಹೇಳುತ್ತೇವೆ. ಅದು ಒಂದರಿಂದ ಏಳನೆಯ ತರಗತಿಯವರೆಗಿನ ಶಾಲೆ. ಕನ್ನಡ, ಮಲಯಾಳ ಎರಡೂ ಮಾಧ್ಯಮಗಳಿವೆ. ನಮ್ಮ ಹೊರತಾಗಿ ಅಧ್ಯಾಪಕರು 12 ಮಂದಿ. ಆರನೆಯ ತರಗತಿಗೆ 35 ಮಕ್ಕಳಿಗೊಬ್ಬ ಅಧ್ಯಾಪಕನೆಂಬ ಲೆಕ್ಕ. ಹಿಂದಿನ ವರ್ಷ ಆ ತರಗತಿಯ ಕನ್ನಡ ವಿಭಾಗದಲ್ಲಿ 38 ಮಕ್ಕಳಿದ್ದುದರಿಂದ ಎರಡು ಡಿವಿಜನ್‌ಗಳಿದ್ದವು. ಆ ವರ್ಷ 33 ಮಕ್ಕಳು ಮಾತ್ರ ಬಂದರು. ಎರಡು ಒಂದಾಗಲೇಬೇಕಾಯಿತು. ಇದೇ ಸಂದರ್ಭದಲ್ಲಿ ನಾವು ಇನ್ನೊಂದು ಬದಲಾವಣೆಯನ್ನೂ ಮಾಡಿದೆವು. ಅದುವರೆಗೆ 12 ಮಂದಿಯೂ ಪ್ರತಿಯೊಂದು ವಿಷಯಕ್ಕೂ ನೇರವಾಗಿ ನಮ್ಮ ಬಳಿಗೇ ಬರುತ್ತಿದ್ದರು. ಇನ್ನು ಮುಂದೆ ಒಂದರಿಂದ ನಾಲ್ಕರವರೆಗೆ ಒಬ್ಬರು, ಐದರಿಂದ ಏಳರವರೆಗೆ ಒಬ್ಬರು ವಿಭಾಗದ ಹೊಣೆಗಾರರಾಗಿರಲಿ ಎಂದು ನಿಶ್ಚಯಿಸಿದೆವು.

ಇಂಥ ಸುದ್ದಿಯನ್ನು ಎಲ್ಲರಿಗೂ ಏಕಕಾಲಕ್ಕೆ ಸಭೆಯಲ್ಲಿ ಹೇಳಿಬಿಡುವುದು ನ್ಯಾಯವೆಂದು ತೋರಬಹುದು. ಹಾಗಲ್ಲ. ಯಾರ ಬದುಕಿಗೆ ಹೆಚ್ಚಿನ ಪೆಟ್ಟು ತಗಲುವುದೋ ಅವರಿಗೆ ಮೊದಲು, ಒಬ್ಬರಿಗೇ, ಬಾಗಿಲು ಮುಚ್ಚಿ ಹೇಳಬೇಕು. ಆರನೆಯ ತರಗತಿಯ ಇಬ್ಬರು ಕನ್ನಡ ಅಧ್ಯಾಪಕರಲ್ಲಿ ಒಬ್ಬರಿಗೆ 19 ವರ್ಷಗಳ ಸೇವೆ. ಇನ್ನೊಬ್ಬ ಅಧ್ಯಾಪಿಕೆಗೆ ಅದು ನಾಲ್ಕನೆಯ ವರ್ಷ. ಹುದ್ದೆ ಕಡಿಮೆಯಾದರೆ ಸಾಮಾನ್ಯವಾಗಿ ಸೇವೆಯಲ್ಲಿ ಕಿರಿಯರಾದವರೇ ಕದಲಬೇಕಾಗುತ್ತದೆ. ಆಕೆಯನ್ನು ಸೋಮವಾರ ಮಧ್ಯಾಹ್ನ ಕರೆದು, "ಟೀಚರ್, ನಿಮ್ಮ ಡಿವಿಜನ್ ಈ ವರ್ಷ ಉಳಿಯುವುದಿಲ್ಲ. ಹುದ್ದೆಯ ವಿಷಯ ವಿದ್ಯಾಧಿಕಾರಿಗಳ ಆದೇಶದಿಂದ ನಿರ್ಣಯವಾಗಬೇಕು. ಅದು ನಮ್ಮ ಕೈಯಲ್ಲಿಲ್ಲ. ಆದೇಶ ಬರುವವರೆಗೆ ನೀವು ಐದು, ಆರು, ಏಳನೆಯ ತರಗತಿಗಳಿಗೆ ಗಣಿತ ಪಾಠ ಮಾಡಿ. ಆದೇಶ ಬಂದ ದಿನವೇ, ಬೇರೆಯವರಿಗೆ ತಿಳಿಯುವ ಮೊದಲು, ನಿಮಗೆ ಹೇಳುತ್ತೇವೆ" ಎಂದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮಗುವನ್ನು ಇಲ್ಲಿನ ಅಂಗನವಾಡಿಗೇ ಸೇರಿಸಬಹುದೋ ಮಾಸ್ಟ್ರೇ?" ಎಂದು ಕೇಳಿದರು. ಸೇರಿಸಿ, ಏನೂ ಆಗದು ಎನ್ನಲು ನಾಲಗೆ ತವಕಿಸುತ್ತದೆ. ಆದರೆ ನಮ್ಮ ಕೈಯಲ್ಲಿಲ್ಲದುದಕ್ಕೆ ನಾವು ಮಾತು ಕೊಡಬಾರದು. "ಈ ತಿಂಗಳಿಗೆ ಸೇರಿಸಿ, ಮುಂದಿನದನ್ನು ಆದೇಶ ನೋಡಿ ನಿಶ್ಚಯಿಸಿ" ಎಂದಷ್ಟೇ ಹೇಳಿದೆವು.

ಅದೇ ದಿನ ಇನ್ನೊಬ್ಬರನ್ನೂ ಕಾಣಬೇಕಿತ್ತು. ಕಿರಿಯ ತರಗತಿಗಳ ಹೊಣೆಗೆ ನಾವು ಆರಿಸಿದ ಅಧ್ಯಾಪಿಕೆಗಿಂತ ಸೇವೆಯಲ್ಲಿ ಹಿರಿಯರಾದ ಅಧ್ಯಾಪಕರೊಬ್ಬರು ಅದೇ ವಿಭಾಗದಲ್ಲಿದ್ದರು. ಹೊಸ ಏರ್ಪಾಟಿನಲ್ಲಿ ಹುಣ್ಣಾಗುವ ಜಾಗ ಇದೇ. ತನಗಿಂತ ಕಿರಿಯರಿಗೆ ಪಾಠಟಿಪ್ಪಣಿ ತೋರಿಸಬೇಕೆಂಬುದನ್ನು ಹಿರಿಯನು ತುಂಬಿದ ಸಭೆಯಲ್ಲಿ ಕೇಳಿದರೆ, ಅವನು ಕೇಳಿಸಿಕೊಳ್ಳುವುದು ಅವಮಾನವನ್ನು ಮಾತ್ರ. ಆದುದರಿಂದ ಅವರ ಮನೆಗೇ ಹೋಗಿ ಎರಡು ಸಂಗತಿಗಳನ್ನು ಹೇಳಿದೆವು. ಮೊದಲನೆಯದು ಕಾರಣ: ಒಂದನೆಯ, ಎರಡನೆಯ ತರಗತಿಯ ಓದುಬರಹದಲ್ಲಿ ಆ ಅಧ್ಯಾಪಿಕೆಯ ಅನುಭವ ಹೆಚ್ಚು, ಹಿರಿಯರಿಗೆ ಆಗಲೇ ಮಧ್ಯಾಹ್ನದ ಊಟದ ಲೆಕ್ಕದ ಭಾರವಿದೆ. ಎರಡನೆಯದು ಇನ್ನೂ ಮುಖ್ಯವಾದುದು: ವಿಭಾಗದ ಹೊಣೆ ಬಡ್ತಿಯಲ್ಲ. ಅದಕ್ಕೆ ಬೇರೆ ಸಂಬಳವಿಲ್ಲ. ಬಡ್ತಿಗೆ ನೋಡುವ ಸೇವಾ ಹಿರಿತನದ ಪಟ್ಟಿಯಲ್ಲಿ ಅವರ ಹೆಸರು ಇದ್ದಲ್ಲಿಯೇ ಇರುತ್ತದೆ. ಅವರ ಮುಖ ತಿಳಿಯಾದುದು ಈ ಎರಡನೆಯ ಮಾತಿನಿಂದ.

ಮಂಗಳವಾರ ಸಂಜೆ ಸಭೆ ಕರೆದೆವು. ವಾರದ ನಡುವೆ ಕರೆದುದಕ್ಕೆ ಕಾರಣವಿದೆ. ಶುಕ್ರವಾರ ಸಂಜೆ ಇಂಥ ಸುದ್ದಿ ಹೇಳಿದರೆ ಶನಿವಾರ, ಭಾನುವಾರ ಮನೆಯಲ್ಲಿ ಕುಳಿತು ಅದು ಹತ್ತು ಪಾಲು ಬೆಳೆಯುತ್ತದೆ. ಕೇಳಿ ತಿಳಿಯಲು ಎದುರಿಗೆ ಯಾರೂ ಇರುವುದಿಲ್ಲ. ಮಂಗಳವಾರ ಹೇಳಿದರೆ ಮುಂದಿನ ಮೂರು ದಿನ ನಮ್ಮ ಕೋಣೆಯ ಬಾಗಿಲು ತೆರೆದಿರುತ್ತದೆ. ಸಭೆಯಲ್ಲಿ ಪ್ರತಿಯೊಬ್ಬರಿಗೂ ಒಂದೇ ಹಾಳೆ ಕೊಟ್ಟೆವು. ಅದರಲ್ಲಿದ್ದುದು ಮೂರು ಭಾಗ: ಬದಲಾಗದವು, ಬದಲಾಗುವವು, ಇನ್ನೂ ನಿರ್ಣಯವಾಗದವು.

ಬದಲಾಗದವುಗಳನ್ನೇ ಮೊದಲು ಓದಿದೆವು. ಸಂಬಳ, ಸೇವಾ ಪುಸ್ತಕ, ರಜೆ, ಮೇಲಧಿಕಾರಿಗಳೊಡನೆ ಪತ್ರವ್ಯವಹಾರ, ಇವೆಲ್ಲ ಹಿಂದಿನಂತೆ ಮುಖ್ಯೋಪಾಧ್ಯಾಯರ ಬಳಿಯೇ. ಬದಲಾಗುವವುಗಳಲ್ಲಿ ಆರನೆಯ ತರಗತಿಯ ಜೋಡಣೆ, ಅದರಿಂದಾಗುವ ವೇಳಾಪಟ್ಟಿಯ ವ್ಯತ್ಯಾಸ ಮತ್ತು ವಿಭಾಗದ ಹೊಣೆಗಾರರ ಹೆಸರು. ನಿರ್ಣಯವಾಗದುದು ಒಂದೇ: ಹುದ್ದೆಯ ಆದೇಶ. ಅದನ್ನು ಮರೆಮಾಚದೆ, ಆದೇಶ ಬಂದ ದಿನವೇ ತಿಳಿಸುವೆವೆಂದು ಬರೆದಿದ್ದೆವು. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಬರೆದಾಗ, ಗೊತ್ತೆಂದು ಬರೆದ ಉಳಿದ ಸಾಲುಗಳ ಮೇಲೆ ನಂಬಿಕೆ ಬರುತ್ತದೆ.

ಇನ್ನು ಯಾರಿಗೆ ಯಾರು ಉತ್ತರವಾದಿ ಎಂಬ ಮಾತು. ಇದರಲ್ಲಿ ಗೆರೆ ಮಸುಕಾದರೆ ಉಳಿದುದೆಲ್ಲ ವ್ಯರ್ಥ. ವಾರದ ಪಾಠಟಿಪ್ಪಣಿ, ಪರೀಕ್ಷೆಯ ಅಂಕಗಳು, ಹಿಂದುಳಿದ ಮಗುವಿನ ವಿಚಾರ, ಒಬ್ಬರು ಬಾರದ ದಿನ ಆ ತರಗತಿಗೆ ಯಾರು ಹೋಗಬೇಕೆಂಬುದು, ಇವು ವಿಭಾಗದ ಹೊಣೆಗಾರರಿಗೆ. ರಜೆಯ ಅರ್ಜಿ, ದೂರು, ಸೇವೆಯ ವಿಷಯ, ಇವು ನಮಗೆ. ಎರಡಕ್ಕೂ ಸೇರುವ ಸಂಗತಿ ಬಂದರೇನು? ಅಧ್ಯಾಪಕರೊಬ್ಬರು ನಾಳೆ ರಜೆ ಹಾಕುತ್ತಾರೆಂದುಕೊಳ್ಳಿ. ಅರ್ಜಿ ನಮಗೆ, ತರಗತಿಯ ಬದಲಿ ವ್ಯವಸ್ಥೆ ಹೊಣೆಗಾರರಿಗೆ. ಅರ್ಜಿ ಮಂಜೂರಾದ ಕೂಡಲೇ ಹೊಣೆಗಾರರಿಗೆ ತಿಳಿಸುವುದು ನಮ್ಮ ಕೆಲಸ, ರಜೆ ಕೇಳಿದವರ ಕೆಲಸವಲ್ಲ. ಹೊಣೆಗಾರರ ಮಾತಿಗೂ ನಮ್ಮ ಮಾತಿಗೂ ವ್ಯತ್ಯಾಸ ಬಂದರೆ ಅಧ್ಯಾಪಕರು ನಡುವೆ ಸಿಕ್ಕಿಕೊಳ್ಳಬಾರದು. ಹೊಣೆಗಾರರೇ ನಮ್ಮ ಬಳಿಗೆ ಬಂದು ಇತ್ಯರ್ಥ ಮಾಡಿಕೊಳ್ಳಬೇಕು. ಹೊಣೆಗಾರರ ಮೇಲೆಯೇ ದೂರಿದ್ದರೆ ಅದಕ್ಕೆ ನಮ್ಮ ಬಾಗಿಲು ನೇರ ದಾರಿ. ಈ ಕೊನೆಯ ಸಾಲನ್ನು ಹೊಣೆಗಾರರ ಎದುರಿನಲ್ಲಿಯೇ ಓದಬೇಕು. ಗುಟ್ಟಾಗಿ ಹೇಳಿದರೆ ಅದು ಚಾಡಿಯ ದಾರಿಯಾಗುತ್ತದೆ.

ಓದಿ ಮುಗಿಸಿ, ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ಸಭೆ ಮೌನವಾಗಿತ್ತು. ಮೌನವನ್ನು ಒಪ್ಪಿಗೆಯೆಂದು ಎಣಿಸಬಾರದು. ನಿಜವಾದ ಪ್ರಶ್ನೆಗಳು ಮರುದಿನ ಬೆಳಿಗ್ಗೆ ಸೀಮೆಸುಣ್ಣ ತೆಗೆದುಕೊಳ್ಳುವ ನೆಪದಲ್ಲಿ ಬರುತ್ತವೆ. "ಮಲಯಾಳ ವಿಭಾಗದವರ ಟಿಪ್ಪಣಿಯನ್ನು ಕನ್ನಡದವರು ಹೇಗೆ ನೋಡುವುದು?" ಎಂದು ಒಬ್ಬರು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಭಾಷಾಪಾಠದ ಟಿಪ್ಪಣಿಯನ್ನು ಆಯಾ ಭಾಷೆಯ ಹಿರಿಯ ಅಧ್ಯಾಪಕರು ನೋಡತಕ್ಕದ್ದೆಂದು ಹಾಳೆಗೆ ಒಂದು ಸಾಲು ಸೇರಿಸಿ, ಎಲ್ಲರಿಗೂ ಹೊಸ ಪ್ರತಿ ಕೊಟ್ಟೆವು.

ಪಕ್ಕದ ಊರಿನ ಒಂದು ಶಾಲೆಯಲ್ಲಿ ಇದರ ವಿರುದ್ಧವಾದುದನ್ನು ಕಂಡಿದ್ದೇವೆ. ಅಲ್ಲಿ ಹೊಸ ವೇಳಾಪಟ್ಟಿಯನ್ನು ಒಂದು ಬೆಳಿಗ್ಗೆ ಮಾತಿಲ್ಲದೆ ಗೋಡೆಗೆ ಅಂಟಿಸಿದರು. ಕೇಳಿದವರಿಗೆ, ಯಾರಿಗೂ ಏನೂ ಆಗುವುದಿಲ್ಲವೆಂಬ ಸಮಾಧಾನ. ತಿಂಗಳು ಕಳೆಯುವುದರೊಳಗೆ ಒಬ್ಬರಿಗೆ ವರ್ಗವಾಯಿತು. ಆಮೇಲೆ ಅಲ್ಲಿ ಶಾಲಾ ವಾರ್ಷಿಕೋತ್ಸವದ ದಿನಾಂಕ ಹೇಳಿದರೂ ಅಧ್ಯಾಪಕರು ವಿದ್ಯಾಧಿಕಾರಿಗಳ ಕಚೇರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳತೊಡಗಿದರು.

ಹೇಳಿದುದು ಮುಟ್ಟಿತೋ ಇಲ್ಲವೋ ಎಂದು ತಿಳಿಯಲು ಎರಡು ವಾರ ಕಾಯಬೇಕು. ಆಗ ಒಬ್ಬೊಬ್ಬರನ್ನೂ ಸಹಜವಾಗಿ ಕೇಳಿ ನೋಡಿ: ನಿಮ್ಮ ಟಿಪ್ಪಣಿ ನೋಡುವವರು ಯಾರು? ರಜೆ ಬೇಕಾದರೆ ಯಾರ ಬಳಿ ಹೋಗುತ್ತೀರಿ? ನೀವು ಬಾರದ ದಿನ ತರಗತಿಗೆ ಯಾರು ಹೋಗಬೇಕೆಂದು ಗೊತ್ತುಮಾಡುವವರು ಯಾರು? ತಡವರಿಸದೆ ಉತ್ತರ ಬಂದರೆ ಏರ್ಪಾಟು ನೆಲೆಗೊಂಡಿತೆಂದು ತಿಳಿಯಬಹುದು. ನಮ್ಮಲ್ಲಿ 12 ಮಂದಿಯಲ್ಲಿ ಮೂವರು ತಡವರಿಸಿದರು. ಮೂವರೂ ಬದಲಿ ತರಗತಿಯ ಪ್ರಶ್ನೆಯಲ್ಲಿಯೇ. ಆ ಒಂದು ಸಾಲನ್ನು ಮತ್ತೊಮ್ಮೆ ವಿವರಿಸಿದೆವು.

ಹುದ್ದೆಯ ಆದೇಶ ಮಳೆಗಾಲದ ನಡುವೆ ಬಂತು. ಆ ಕಿರಿಯ ಅಧ್ಯಾಪಿಕೆಗೆ ಇನ್ನೊಂದು ಶಾಲೆಗೆ ಹೋಗಬೇಕಾಯಿತು. ಅದನ್ನು ತಪ್ಪಿಸುವ ಶಕ್ತಿ ನಮಗಿರಲಿಲ್ಲ. ಆದರೆ ಸುದ್ದಿಯನ್ನು ಆಕೆ ಕೇಳಿದುದು ನಮ್ಮ ಬಾಯಿಂದಲೇ, ಬೇರೆಲ್ಲರಿಗಿಂತ ಮೊದಲು. ಹೊರಡುವ ಮುನ್ನ ಆಕೆ ಗಣಿತದ ಟಿಪ್ಪಣಿ ಪುಸ್ತಕವನ್ನು ಕೊನೆಯ ಪಾಠದವರೆಗೆ ಬರೆದು, ವಿಭಾಗದ ಹೊಣೆಗಾರರ ಕೈಗೆ ಒಪ್ಪಿಸಿ, ಸಹಿ ಪಡೆದು ಹೋದರು.