ಬಡ್ಸ್ ಕೊಡಿಸಿದವರೇ ಸೌಂಡಿಗೂ ಬೀಗ ಹಾಕಿ

ತಗಡೂರು ಕಡೆಯಿಂದ ನಂಜನಗೂಡಿಗೆ ಹೋಗುವ ಬೆಳಗಿನ ಬಸ್ಸು ಹತ್ತಿ ನೋಡಿ. ಸ್ಕೂಲ್ ಬ್ಯಾಗ್ ಹಾಕಿಕೊಂಡ ಮಕ್ಕಳ ಕಿವಿಯಲ್ಲಿ ಬಿಳಿ ಬಡ್ಸ್. ಪಕ್ಕದ ಸೀಟಿನಲ್ಲಿ ಕೂತವರಿಗೂ ಹಾಡು ಕೇಳಿಸುತ್ತೆ. ಇದಕ್ಕೆ ಮಕ್ಕಳನ್ನು ಬೈಯುವವರು ಬೇಕಾದಷ್ಟು ಜನ ಇದ್ದಾರೆ. ನಾವು ಬೈಯಬೇಕೆಂದಿರುವುದು ಮಕ್ಕಳನ್ನಲ್ಲ, ಬಡ್ಸ್ ಕೊಡಿಸಿ ಸುಮ್ಮನಾದ ದೊಡ್ಡವರನ್ನು, ಜೊತೆಗೆ ಬೀಗವನ್ನು ಸೆಟ್ಟಿಂಗ್ಸ್‌ನ ಮೂಲೆಯಲ್ಲಿ ಅಡಗಿಸಿಟ್ಟ ಫೋನ್ ಕಂಪನಿಗಳನ್ನು.

ಸೌಂಡ್ ಅಳೆಯುವುದು ಡೆಸಿಬಲ್ ಲೆಕ್ಕದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹಾಕಿಕೊಟ್ಟ ಮಿತಿ 75 ಡೆಸಿಬಲ್, ಅದೂ ವಾರಕ್ಕೆ 40 ಗಂಟೆ. ದೊಡ್ಡವರಿಗೆ 80. ಇದರಲ್ಲಿ ಒಂದು ಮೋಸದ ಲೆಕ್ಕವಿದೆ. ಸೌಂಡ್ ಬರೀ 3 ಡೆಸಿಬಲ್ ಏರಿದರೆ ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತೆ. 78ಕ್ಕೆ 20 ಗಂಟೆ, 81ಕ್ಕೆ 10 ಗಂಟೆ. ಹೀಗೇ ಇಳಿಯುತ್ತಾ 90ಕ್ಕೆ ಬಂದರೆ ಮಗುವಿಗೆ ಇಡೀ ವಾರಕ್ಕೆ ಸಿಗುವುದು ಒಂದೂಕಾಲು ಗಂಟೆ.

ಈಗ ಬಸ್ಸಿಗೆ ಬನ್ನಿ. ಇಂಜಿನ್ ಸದ್ದು, ಹಾರನ್ನು, ಜನರ ಮಾತು. ಇದೆಲ್ಲದರ ಮೇಲೆ ಹಾಡು ಕೇಳಬೇಕೆಂದರೆ ಮಗು ಸೌಂಡ್ ಏರಿಸಲೇಬೇಕು. 90 ಡೆಸಿಬಲ್‌ಗೆ ಏರಿಸಿತು ಅಂತಿಟ್ಟುಕೊಳ್ಳಿ. ಹೋಗೋಕೆ ಅರ್ಧ ಗಂಟೆ, ಬರೋಕೆ ಅರ್ಧ ಗಂಟೆ, ವಾರಕ್ಕೆ ಆರು ದಿನ ಅಂದರೆ 6 ಗಂಟೆ. ಹೆಚ್ಚುಕಮ್ಮಿ ಐದು ವಾರದ ಪಾಲನ್ನು ಆ ಕಿವಿ ಒಂದೇ ವಾರದಲ್ಲಿ ಉಂಡಿರುತ್ತೆ. ಮನೆಯಲ್ಲಿ ರೀಲ್ಸ್, ಗೇಮ್ ಆಡಿದ್ದು ಇದರಲ್ಲಿ ಸೇರಿಲ್ಲ.

ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ಸಣ್ಣ ಕೂದಲಿನಂಥ ಜೀವಕೋಶಗಳಿವೆ. ಸತ್ತರೆ ಅವು ಮತ್ತೆ ಹುಟ್ಟಲ್ಲ. ಮೊದಲು ಹೋಗುವುದು ಸಣ್ಣ, ಚೂಪು ಸದ್ದು. ‘ಸ’, ‘ಶ’, ‘ತ’ ಗುರುತು ಹತ್ತಲ್ಲ. ಮೇಷ್ಟ್ರ ದನಿ ಕೇಳಿಸುತ್ತೆ, ಮಾತು ಬಿಡಿಬಿಡಿಯಾಗಿ ತಿಳಿಯಲ್ಲ. ಹಿಂದಿನ ಬೆಂಚಿನಲ್ಲಿ ಕೂತ ಅಂಥ ಮಗುವಿಗೆ ನಮ್ಮಲ್ಲಿ ಸಿಗುವ ಬಿರುದು ‘ದಡ್ಡ’.

‘ಅರವತ್ತು ಪರ್ಸೆಂಟ್ ಇಟ್ಟುಕೊಂಡರೆ ಸಾಕು’ ಅನ್ನುವ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅದನ್ನು ಪೂರ್ತಿ ನಂಬಬೇಡಿ. ಪರ್ಸೆಂಟ್ ಬೇರೆ, ಡೆಸಿಬಲ್ ಬೇರೆ. ಒಂದು ಬಡ್ಸ್‌ನಲ್ಲಿ 60 ಹಿತವಾಗಿದ್ದರೆ ಇನ್ನೊಂದರಲ್ಲಿ ಅದೇ 60 ಕಿವಿಗೆ ಬಡಿಯುತ್ತೆ. ಮಟ್ಟ ಗೊತ್ತುಮಾಡಬೇಕಾದ್ದು ನಿಮ್ಮ ಮಗುವಿನ ಬಡ್ಸ್‌ನಿಂದಲೇ.

ಮನೆಯಲ್ಲಿ ಟಿವಿ ಆರಿಸಿ. ಮಗು ಕೇಳುವ ಹಾಡುಗಳಲ್ಲೇ ಹೆಚ್ಚು ಗದ್ದಲದ್ದನ್ನು ಹಾಕಿ, ಮೊದಲು ನೀವು ಬಡ್ಸ್ ಇಟ್ಟುಕೊಂಡು ಹಿತವಾಗುವಷ್ಟಕ್ಕೆ ಇಳಿಸಿ. ಆಮೇಲೆ ಮಗುವಿನ ಕಿವಿಗಿಟ್ಟು, ಒಂದು ಮೊಳದ ದೂರದಿಂದ ಎಂದಿನ ದನಿಯಲ್ಲೇ ಮಾತಾಡಿಸಿ. ಕೂಗಿದರಷ್ಟೇ ಕೇಳುವುದಾದರೆ ಇನ್ನೂ ಇಳಿಸಿ. ನಿಂತ ಜಾಗವೇ ಮಿತಿ. ಇದು ಅಂದಾಜೇ ಹೊರತು ಮೀಟರ್ ಅಲ್ಲ, ಬಡ್ಸ್ ಬದಲಾದರೆ ಮತ್ತೆ ನೋಡಬೇಕು.

ಸ್ಯಾಮ್‌ಸಂಗ್ ಫೋನಿನಲ್ಲಿ Settings, ಅದರಲ್ಲಿ Sounds and vibration, ಅದರಲ್ಲಿ Volume. ಮೇಲಿನ ಮೂರು ಚುಕ್ಕಿ ಒತ್ತಿದರೆ Media volume limit ಸಿಗುತ್ತೆ. ಅದನ್ನು ಆನ್ ಮಾಡಿ, ಗೆರೆಯನ್ನು ನಿಮ್ಮ ಮಿತಿಗೆ ಎಳೆದು, PIN ಹಾಕಿ. ಮಗುವಿಗೆ ಗೊತ್ತಿರುವ ಪಿನ್ ಬೇಡ. ಬೆಂಗಳೂರಿನ ಅಣ್ಣ ಕೊಟ್ಟ ಹಳೇ ಐಫೋನ್ ಆದರೆ Sounds & Haptics ಒಳಗೆ Headphone Safety, ಅಲ್ಲಿ Reduce Loud Audio. ಅದು ಡೆಸಿಬಲ್ ಲೆಕ್ಕದಲ್ಲೇ ಇದೆ, 75ಕ್ಕೆ ಇಡಿ. ಬೇರೆ ಫೋನುಗಳಲ್ಲಿ Settings ಮೇಲಿನ ಹುಡುಕುವ ಜಾಗದಲ್ಲಿ volume limit ಅಂತ ಬರೆದು ನೋಡಿ. ಎಷ್ಟೋ ಫೋನುಗಳಲ್ಲಿ ಬೀಗವೇ ಇಲ್ಲ, ಸೌಂಡ್ ಏರಿಸಿದಾಗ ಒಂದು ಎಚ್ಚರಿಕೆ ಬರುತ್ತೆ, ಮಗು OK ಒತ್ತುತ್ತೆ, ಮುಗೀತು. ಅಂಥ ಫೋನಿಗೆ ಬಡ್ಸ್ ಜೋಡಿಸಿ ಬಸ್ಸಿಗೆ ಕಳಿಸಲೇಬೇಡಿ.

ಬೀಗ ಹಾಕಿದ ಮೇಲೆ ಪರೀಕ್ಷೆ ಮಾಡಿ. ಕೆಲವು ಬಡ್ಸ್‌ನಲ್ಲಿ ಸೌಂಡ್ ಫೋನಿನದ್ದು ಬೇರೆ, ಬಡ್ಸ್‌ನದ್ದು ಬೇರೆ ಇರುತ್ತೆ. ಬಡ್ಸ್ ಮೇಲೆ ತಟ್ಟಿದಾಗ ಸೌಂಡ್ ಏರಿದರೆ ನಿಮ್ಮ ಮಿತಿ ಬರೀ ತೋರಿಕೆ. ವಿಎಲ್‌ಸಿಯಂಥ ಪ್ಲೇಯರ್‌ನಲ್ಲಿ ಸೌಂಡನ್ನು 200 ಪರ್ಸೆಂಟ್‌ವರೆಗೂ ಉಬ್ಬಿಸಬಹುದು, ವಾಲ್ಯೂಮ್ ಬೂಸ್ಟರ್ ಆ್ಯಪ್‌ಗಳ ಕೆಲಸವೂ ಅದೇ. ಅವನ್ನು ತೆಗೆಸಿ. ಬಡ್ಸ್ ಗೆಳೆಯನ ಫೋನಿಗೆ ಜೋಡಿಸಿಕೊಂಡರೆ ನಿಮ್ಮ ಬೀಗ ಅಲ್ಲಿಗೆ ಹೋಗಲ್ಲ, ಅದಕ್ಕೆ ಮಾತಾಡಿ ಒಪ್ಪಿಸುವುದೇ ದಾರಿ.

ಪಾಸ್‌ವರ್ಡ್ ಇರುವ ಇಂಥ ಮಿತಿ ಫೋನಿನಲ್ಲಿ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆಯೂ ಸೇರಿ 2019ರಲ್ಲೇ ಹೇಳಿವೆ. ಆದರೂ ಕಂಪನಿಯವರು ಡಬ್ಬದ ಮೇಲೆ ದೊಡ್ಡದಾಗಿ ಬರೆಯುವುದು ‘ಬಾಸ್’. ನಂಜನಗೂಡು, ಟಿ. ನರಸೀಪುರದ ಮೊಬೈಲ್ ಅಂಗಡಿಯವರನ್ನೂ ನಾವು ಕೇಳುತ್ತೇವೆ: ಗ್ಲಾಸ್ ಅಂಟಿಸೋಕೆ ಐದು ನಿಮಿಷ ಕೊಡುವವರು ಮಿತಿ ಹಾಕಿಕೊಡೋಕೆ ಎರಡು ನಿಮಿಷ ಕೊಡಬಾರದೇ? ಫೋನ್ ತಗೊಳ್ಳುವಾಗ ದುಡ್ಡು ಎಣಿಸುವ ಮುಂಚೆ ‘ಇದರಲ್ಲಿ ಸೌಂಡಿಗೆ ಪಿನ್ ಹಾಕಬಹುದಾ, ತೋರಿಸಿ’ ಅಂತ ಕೇಳಿ.

ಬಡ್ಸ್ ತೆಗೆದ ಮೇಲೂ ಕಿವಿ ಗುಂಯ್ ಅಂತಿದೆ ಅಂದರೆ, ಕರೆದಾಗಲೆಲ್ಲ ‘ಆಂ?’ ಅಂದರೆ, ಟಿವಿ ಸೌಂಡ್ ದಿನೇ ದಿನೇ ಏರಿಸುತ್ತಿದ್ದರೆ ಎಣ್ಣೆ ಬಿಡಬೇಡಿ, ಕಾಯಬೇಡಿ. ಕಿವಿ ಪರೀಕ್ಷೆಗೆಂದೇ ದೇಶದ ದೊಡ್ಡ ಸಂಸ್ಥೆ ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಕೇಳುವಾಗ ‘ಆಯಿಷ್’ ಅಂದರೆ ಆಟೋದವರಿಗೆ ಗೊತ್ತಾಗುತ್ತೆ.